ಗರಗದ ಎಣ್ಣೆ: ಒಲೆಯಿಂದ ಅಂಗಡಿಯವರೆಗೆ

ಶ್ರೀಮಠದ ಜಾತ್ರೆಯ ಮಳಿಗೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಮನೆಯಲ್ಲಿ ತಯಾರಿಸಿದ ಸಾಬೂನು, ಊದಿನಕಡ್ಡಿ, ತಲೆಯೆಣ್ಣೆಗಳ ಸಂಖ್ಯೆ ಹೆಚ್ಚುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಇವುಗಳನ್ನು ಮೊದಲು ನೆರೆಹೊರೆಯವರಿಗೆ, ಬೀಗರಿಗೆ ಕೊಡುತ್ತಾರೆ. ಬೇಡಿಕೆ ಬಂದ ಮೇಲೆ ಊರಿನ ಕಿರಾಣಿ ಅಂಗಡಿಗೂ ಇಡುತ್ತಾರೆ. ಇವುಗಳಲ್ಲಿ ಗರಗದ ಸೊಪ್ಪಿನಿಂದ ಮಾಡಿದ ತಲೆಯೆಣ್ಣೆಯೊಂದನ್ನೇ ಈ ಸಂಚಿಕೆಯಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ಕಾರಣ, ಎರಡು ವರ್ಷಗಳ ಹಿಂದೆ ನನ್ನ ಚಿಕಿತ್ಸಾಲಯಕ್ಕೆ ಬಂದ ಒಬ್ಬ ರೈತರು ಮತ್ತು ಅವರ ಹಿಂದೆಯೇ ಬಂದ ಒಂದು ಎಣ್ಣೆಯ ಬಾಟಲಿ.

ಆ ರೈತರಿಗೆ ಐವತ್ತೆಂಟರ ವಯಸ್ಸು. ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿದ್ದವು. ಹಣೆಯ ಮೇಲೆ ಕೂದಲು ಆರಂಭವಾಗುವ ಗೆರೆಯುದ್ದಕ್ಕೂ ಕೆಂಪು ಪಟ್ಟಿ, ಕಿವಿಯ ಹಿಂದೆ ಸಣ್ಣ ಸಣ್ಣ ಗುಳ್ಳೆಗಳಿಂದ ನೀರು ಸೋರುತ್ತಿತ್ತು, ಕತ್ತಿನ ಹಿಂಭಾಗವನ್ನು ಕೆರೆದು ಕೆರೆದು ರಕ್ತ ಬರಿಸಿಕೊಂಡಿದ್ದರು. ವಿಚಿತ್ರವೆಂದರೆ ನೆತ್ತಿಯ ಚರ್ಮ ಅಷ್ಟಾಗಿ ಕೆಟ್ಟಿರಲಿಲ್ಲ. ತಲೆಗೆ ಹಚ್ಚಿದ ವಸ್ತುವಿನಿಂದ ಆಗುವ ಅಲರ್ಜಿಯ ಲಕ್ಷಣವೇ ಇದು. ನೆತ್ತಿಯ ಚರ್ಮ ದಪ್ಪ, ತಡೆದುಕೊಳ್ಳುತ್ತದೆ. ರೆಪ್ಪೆ, ಕಿವಿಯ ಹಿಂಬದಿ, ಕತ್ತು ತೆಳು, ಅಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ರೆಪ್ಪೆ ಊದಿದ ರೋಗಿಯನ್ನು ಕಂಡಾಗ ಕಣ್ಣಿಗೆ ಏನು ಹಾಕಿದಿರಿ ಎನ್ನುವುದಕ್ಕಿಂತ ಮುಂಚೆ ತಲೆಗೆ ಏನು ಹಚ್ಚಿದಿರಿ ಎಂದು ಕೇಳುವುದು ನನ್ನ ರೂಢಿ.

"ಹೊಸಾ ಎಣ್ಣಿ ಹಚ್ಚಿ ಮೂರು ದಿನ ಆತ್ರಿ. ಆದ್ರ ಅದು ಮನ್ಯಾಗ ಮಾಡಿದ್ದರಿ, ಕೆಮಿಕಲ್ ಏನೂ ಇಲ್ಲರಿ" ಎಂದರು. ಅವರ ತಂಗಿಯ ಸೊಸೆ ಮಾಡಿ ಮಾರುತ್ತಿದ್ದ ಎಣ್ಣೆಯಂತೆ. ಎಣ್ಣೆ ಹಚ್ಚಿದ ಕ್ಷಣದಲ್ಲಿ ಉರಿಯಿತೇ ಎಂದು ಕೇಳಿದೆ. ಇಲ್ಲ, ಮರುದಿನ ಸಂಜೆಯಿಂದ ತುರಿಕೆ ಶುರುವಾಯಿತು ಎಂದರು. ಈ ಪ್ರಶ್ನೆಗೆ ಮಹತ್ವವಿದೆ. ಹಚ್ಚಿದ ಕೆಲವು ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ಉರಿ ಎದ್ದರೆ ಅದು ವಸ್ತುವಿನ ತೀಕ್ಷ್ಣತೆಯಿಂದ ಆದ ಉರಿ. ಅದು ಯಾರಿಗೂ ಆಗಬಹುದು. ಒಂದರಿಂದ ಮೂರು ದಿನಗಳ ನಂತರ ತುರಿಕೆ, ಗುಳ್ಳೆ ಬಂದರೆ ಅದು ಅಲರ್ಜಿ; ಆ ವಸ್ತುವಿಗೆ ದೇಹ ಮೊದಲೇ ಒಗ್ಗದಂತಾಗಿರುವ ವ್ಯಕ್ತಿಗೆ ಮಾತ್ರ ಆಗುತ್ತದೆ. ಹಾಗಾಗಿಯೇ ಅದೇ ಎಣ್ಣೆಯನ್ನು ಮನೆಯ ಉಳಿದ ಐದು ಜನ ಹಚ್ಚಿಕೊಂಡು ಆರಾಮಾಗಿದ್ದರು.

ಅವರಿಗೆ ಮಾಡಿದ ಚಿಕಿತ್ಸೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಣ್ಣೆಯನ್ನು ಸೌಮ್ಯವಾದ ಸಾಬೂನಿನಿಂದ, ಉಗುರುಬೆಚ್ಚಗಿನ ನೀರಿನಿಂದ ಪೂರ್ತಿ ತೊಳೆಸಿದೆವು. ದಿಂಬಿನ ಗವಸು, ತಲೆಗೆ ಸುತ್ತುವ ರುಮಾಲು, ಬಾಚಣಿಗೆ ಇವುಗಳಲ್ಲಿಯೂ ಎಣ್ಣೆ ಉಳಿದಿರುತ್ತದೆ. ಅವನ್ನೂ ತೊಳೆಯಲು ಹೇಳಿದೆ. ನೀರು ಸೋರುವ ಚರ್ಮದ ಮೇಲೆ ಬೇರೆ ಯಾವ ಎಣ್ಣೆಯನ್ನೂ, ಯಾವ ಲೇಪವನ್ನೂ ಹಚ್ಚಬಾರದೆಂದು ತಾಕೀತು ಮಾಡಿ, ರೆಪ್ಪೆಯ ಊತ ಹೆಚ್ಚಿದ್ದುದರಿಂದ ಅಂದೇ ಜಿಲ್ಲಾ ಕೇಂದ್ರದ ಚರ್ಮರೋಗ ತಜ್ಞರ ಬಳಿಗೆ ಕಳುಹಿಸಿದೆ. ಕಣ್ಣಿನ ಸುತ್ತಲಿನ ಊತದಲ್ಲಿ ಕಷಾಯದಿಂದ ತೊಳೆಯುತ್ತ ದಿನ ಕಳೆಯುವುದು ನಮ್ಮ ಶಾಸ್ತ್ರಕ್ಕೂ ಸಮ್ಮತವಲ್ಲ.

ಎರಡು ದಿನಗಳ ನಂತರ ಎಣ್ಣೆ ಮಾಡಿದ ತಾಯಿಯೇ ಬಂದರು. ಕೈಯಲ್ಲಿ ಬಾಟಲಿ, ಮುಖದಲ್ಲಿ ಆತಂಕ. ಬಾಟಲಿಯ ಮೇಲೆ ಉದ್ದ ಜಡೆಯ ಹೆಣ್ಣುಮಗಳ ಚಿತ್ರ, ಎಣ್ಣೆಯ ಹೆಸರು, ಒಂದು ಮೊಬೈಲ್ ಸಂಖ್ಯೆ, ಕೆಳಗೆ "ಬೊಕ್ಕತಲೆಗೆ ರಾಮಬಾಣ, ಯಾವುದೇ ಅಡ್ಡಪರಿಣಾಮವಿಲ್ಲ" ಎಂಬ ಸಾಲು. ಒಳಗೆ ಏನಿದೆ, ಎಂದು ಮಾಡಿದ್ದು, ಎಷ್ಟು ಪ್ರಮಾಣ, ಯಾವುದೂ ಇಲ್ಲ. ಮುಚ್ಚಳ ತೆಗೆದೊಡನೆ ಮಲ್ಲಿಗೆಯ ಸುವಾಸನೆಯ ಅಡಿಯಲ್ಲಿ ಹಳಸಿದ ಹುಳಿವಾಸನೆ ಬಂತು. ಬೆಳಕಿಗೆ ಹಿಡಿದರೆ ತಳದಲ್ಲಿ ಹಸಿರು ಗಸಿ, ಅದರೊಳಗೆ ನೀರಿನ ಸಣ್ಣ ಮಣಿಗಳು.

ಏನೇನು ಹಾಕಿದಿರಿ ಎಂದು ಕೇಳಿದಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಎರಡು ಲೀಟರ್ ಕೊಬ್ಬರಿ ಎಣ್ಣೆ, ಒಂದು ಬುಟ್ಟಿ ಗರಗದ ಸೊಪ್ಪನ್ನು ರುಬ್ಬಿದ ಮುದ್ದೆ, ಒಂದು ಹಿಡಿ ಮೆಂತ್ಯ, ಒಂದಿಷ್ಟು ಕರಿಬೇವು. ಎಣ್ಣೆ ಹಸಿರಾದ ಮೇಲೆ ಒಲೆ ಆರಿಸಿ, ಸೋಸಿ, ಎರಡು ಬಿಲ್ಲೆ ಕರ್ಪೂರ ಮತ್ತು ಪೇಟೆಯಿಂದ ತಂದ ಮಲ್ಲಿಗೆ ಸೆಂಟು. ಸೊಪ್ಪನ್ನು ಕಾಲುವೆಯ ದಂಡೆಯಿಂದ ಕೂಲಿಯಾಳು ಕೊಯ್ದು ತಂದಿದ್ದ. ಉಳಿದ ಸೊಪ್ಪಿನ ಕಟ್ಟು ಇನ್ನೂ ಮನೆಯ ಹಿತ್ತಲಲ್ಲಿದೆ ಎಂದರು. ತರಿಸಿದೆ. ಹಳೆಯ ಪತ್ರಿಕೆಯ ಮೇಲೆ ಹರಡಿ ಇಬ್ಬರೂ ಕೂತು ಒಂದೊಂದೇ ಎಳೆಯಾಗಿ ಬೇರ್ಪಡಿಸಿದೆವು. ಗರಗದ ನಡುನಡುವೆ ಕ್ಯಾರೆಟ್ಟಿನ ಎಲೆಯಂತೆ ಸೀಳುಸೀಳಾದ ಎಲೆಗಳು, ಅಕ್ಕಿನುಚ್ಚಿನಂತಹ ಬಿಳಿ ಹೂಗಳು. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. ಕುಡುಗೋಲು ಹಾಕಿ ಒಟ್ಟಿಗೆ ಸವರಿದಾಗ ಬೆರೆತುಬಂದಿತ್ತು.

ನಮ್ಮ ಭಾಗದ ಹೊಲ, ದಂಡೆ, ರಸ್ತೆಬದಿಗಳನ್ನೆಲ್ಲ ಆವರಿಸಿರುವ ಈ ಕಸದಿಂದ ಚರ್ಮರೋಗ ತಂದುಕೊಂಡ ರೈತರು ಪ್ರತಿ ಊರಿನಲ್ಲಿದ್ದಾರೆ. ಮುಖ, ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿ ತುರಿಸುವುದು ಇದರ ಗುರುತು. ಈ ರೈತರಿಗೂ ನಾಲ್ಕೈದು ವರ್ಷಗಳಿಂದ ಸುಗ್ಗಿಯ ಕಾಲದಲ್ಲಿ ಕಣ್ಣು ತುರಿಸುತ್ತಿತ್ತಂತೆ, ಧೂಳಿನಿಂದ ಎಂದುಕೊಂಡಿದ್ದರು. ಚರ್ಮರೋಗ ತಜ್ಞರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಮಾಡಿದ ಪರೀಕ್ಷೆಯಲ್ಲಿ ಪಾರ್ಥೇನಿಯಂ ಗುರುತು ಎದ್ದುಕಂಡಿತು. ಇನ್ನೊಂದು ಸಂಗತಿ: ಗರಗವೂ ಪಾರ್ಥೇನಿಯಂ ಸೇರಿದ ಸೂರ್ಯಕಾಂತಿಯ ಕುಲಕ್ಕೇ ಸೇರಿದ ಸಸ್ಯ. ಈ ಕುಲದ ಒಂದು ಗಿಡಕ್ಕೆ ಒಗ್ಗದ ಚರ್ಮ ಮತ್ತೊಂದಕ್ಕೂ ಕೆರಳುವ ಸಾಧ್ಯತೆ ಇರುತ್ತದೆ. ಆದ್ದರಿಂದ ಶುದ್ಧವಾದ ಗರಗದ ಎಣ್ಣೆಯನ್ನೂ ಆ ರೈತರು ಇನ್ನು ಮುಂದೆ ಬಳಸಬಾರದೆಂದು ಹೇಳಿದ್ದೇನೆ. ಪಾರ್ಥೇನಿಯಂ ತುರಿಕೆ ಇರುವ ಎಲ್ಲ ಭಕ್ತರಿಗೂ ನನ್ನ ಸಲಹೆ ಇದೇ.

ಆ ತಾಯಿ ಕೇಳಿದ ಪ್ರಶ್ನೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. "ಈ ಸೊಪ್ಪಿನ್ಯಾಗ ಮಾಡಿದ ಬಾಟ್ಲಿ ಯಾರ್ಯಾರ ಮನಿಗೆ ಹೋಗ್ಯಾವು, ಹೆಂಗ ಗುರುತು ಹಿಡೀಲಿ ಡಾಕ್ಟರ್ರ?" ಗುರುತು ಹಿಡಿಯುವ ದಾರಿ ಇರಲಿಲ್ಲ. ಆ ತಿಂಗಳು ಮೂರು ಸಲ ಎಣ್ಣೆ ಕಾಯಿಸಿದ್ದರು. ಮೂರರ ಬಾಟಲಿಗಳೂ ಅಂಗಡಿಯ ಒಂದೇ ಸಾಲಿನಲ್ಲಿ ಬೆರೆತಿದ್ದವು, ಚೀಟಿಗಳು ಒಂದೇ ಬಗೆಯವು. ಕೊನೆಗೆ ಮೂರೂ ಸಲದ್ದನ್ನು ಹಿಂದಕ್ಕೆ ತರಿಸಬೇಕಾಯಿತು. ಒಂದು ಕಾಯಿಸುವಿಕೆಯ ಹತ್ತೊಂಬತ್ತು ಬಾಟಲಿಗಳ ತಪ್ಪಿಗೆ ಐವತ್ತಕ್ಕೂ ಹೆಚ್ಚು ಬಾಟಲಿಗಳು ಹೋದವು. ಬೀಗರ ಮನೆಗಳಿಗೆ ಹೋಗಿದ್ದವುಗಳಲ್ಲಿ ಕೆಲವು ಮರಳಿ ಬರಲೇ ಇಲ್ಲ.

ಈಗ ಅದೇ ಎಣ್ಣೆಯನ್ನು ಸರಿಯಾಗಿ ಮಾಡುವ ಬಗೆಯನ್ನು ನೋಡೋಣ. ಸೊಪ್ಪಿನಿಂದಲೇ ಆರಂಭಿಸಬೇಕು. ಗರಗದ ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿ, ಕಿರಿದಾಗಿ, ಮುಟ್ಟಿದರೆ ಒರಟಾಗಿರುತ್ತವೆ. ಹೂವು ಬಿಳಿ, ಗುಂಡಿಯಾಕಾರ. ಎಲೆಯನ್ನು ಬೆರಳುಗಳ ನಡುವೆ ಹಿಸುಕಿ ಸ್ವಲ್ಪ ಹೊತ್ತು ಬಿಟ್ಟರೆ ಬೆರಳು ಕಪ್ಪಾಗುತ್ತದೆ. ಈ ಕಪ್ಪು ಬರದಿದ್ದರೆ ಅದು ಗರಗವಲ್ಲ. ಹಳದಿ ಹೂವಿನ ಇನ್ನೊಂದು ಗಿಡವನ್ನೂ ಕೆಲವೆಡೆ ಭೃಂಗರಾಜವೆಂದೇ ಮಾರುತ್ತಾರೆ. ಅದು ಬೇರೆ ಜಾತಿ. ಕೂಲಿಯಾಳು ಕಟ್ಟಿಕೊಟ್ಟ ಹೊರೆಯನ್ನು ಹಾಗೆಯೇ ರುಬ್ಬುವ ಕಲ್ಲಿಗೆ ಹಾಕಬಾರದು. ನೆಲದ ಮೇಲೆ ಹರಡಿ ಎಳೆ ಎಳೆಯಾಗಿ ಆರಿಸಬೇಕು. ಹತ್ತು ಕಿಲೋ ಸೊಪ್ಪಿಗೆ ಒಬ್ಬರಿಗೆ ಅರ್ಧ ದಿನದ ಕೆಲಸ ಅದು. ಆರಿಸುವವರಿಗೆ ಪಾರ್ಥೇನಿಯಂ ತುರಿಕೆ ಇದ್ದರೆ ಆ ಕೆಲಸ ಬೇರೆಯವರಿಗೆ ಒಪ್ಪಿಸಬೇಕು. ಕೀಟನಾಶಕ ಸಿಂಪಡಿಸುವ ಹೊಲದ ಬದುವಿನದು, ಚರಂಡಿಯ ಬದಿಯದು ಬೇಡ. ಹಿತ್ತಲಲ್ಲಿ ನೀರು ನಿಲ್ಲುವ ಕಡೆ ತಾವೇ ಬೆಳೆಸಿಕೊಳ್ಳುವುದು ಎಲ್ಲಕ್ಕಿಂತ ನೆಮ್ಮದಿ.

ಪ್ರಮಾಣವನ್ನು ಶಾರ್ಙ್ಗಧರ ಸಂಹಿತೆ ನಿರ್ದಿಷ್ಟವಾಗಿ ಹೇಳಿದೆ. ಎಣ್ಣೆಯ ನಾಲ್ಕು ಪಟ್ಟು ದ್ರವ. ಆ ದ್ರವವು ಸೊಪ್ಪಿನ ಹಸಿರಸವೇ ಆಗಿದ್ದರೆ ಕಲ್ಕ, ಅಂದರೆ ನುಣ್ಣಗೆ ಅರೆದ ಮುದ್ದೆ, ಎಣ್ಣೆಯ ಎಂಟನೆಯ ಒಂದು ಭಾಗ. ಒಂದು ಲೀಟರ್ ಎಣ್ಣೆಗೆ ನಾಲ್ಕು ಲೀಟರ್ ಗರಗದ ರಸ, ಸುಮಾರು 125 ಗ್ರಾಂ ಕಲ್ಕ ಎಂದಾಯಿತು. ಕಿಲೋ ಸೊಪ್ಪಿನಿಂದ ಅರ್ಧ ಲೀಟರ್ ರಸ ಸಿಕ್ಕರೆ ಹೆಚ್ಚು ಎಂಬುದು ನನ್ನ ಅನುಭವ. ಎಂಟು ಹತ್ತು ಕಿಲೋ ಸೊಪ್ಪು ಬೇಕಾಗುತ್ತದೆ. ಎರಡು ಲೀಟರ್ ಎಣ್ಣೆಗೆ ಒಂದು ಬುಟ್ಟಿ ಸೊಪ್ಪು ಹಾಕಿದ್ದು ಬಣ್ಣಕ್ಕಾಯಿತೇ ಹೊರತು ಗುಣಕ್ಕಲ್ಲ. ಐದು ಲೀಟರ್ ದ್ರವ ಕುದಿಯುವಾಗ ಉಕ್ಕಿ ಬರುವುದರಿಂದ ಹದಿನೈದು ಲೀಟರ್ ಹಿಡಿಯುವ ಅಗಲ ಬಾಯಿಯ ಸ್ಟೀಲ್ ಪಾತ್ರೆ ಬೇಕು. ಕಲಾಯಿ ಇಲ್ಲದ ತಾಮ್ರದ ಪಾತ್ರೆ ಬೇಡ. ತಾಮ್ರದ ಸಂಪರ್ಕದಿಂದ ಎಣ್ಣೆ ಬೇಗ ಹಳಸುತ್ತದೆ. ಎಣ್ಣೆ, ರಸ, ಕಲ್ಕ ಮೂರನ್ನೂ ತಣ್ಣಗಿರುವಾಗಲೇ ಕೂಡಿಸಿ ಒಲೆಗೆ ಇಡಬೇಕು. ಕಾದ ಎಣ್ಣೆಗೆ ರಸ ಸುರಿದು ಮುಖ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಎಣ್ಣೆ ಹಸಿರಾದೊಡನೆ ಪಾಕ ಮುಗಿಯಿತೆಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು. ಎಲೆಯ ಹಸಿರು ಎಣ್ಣೆಗೆ ಇಳಿಯುವುದು ಕುದಿಯ ಆರಂಭದಲ್ಲಿಯೇ. ಆಗ ಪಾತ್ರೆಯಲ್ಲಿ ನೀರಿನಂಶ ಬಹುಪಾಲು ಹಾಗೆಯೇ ಇರುತ್ತದೆ. ನೀರು ಇರುವವರೆಗೂ ಪಾತ್ರೆಯೊಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ದೊಡ್ಡ ದೊಡ್ಡ ಗುಳ್ಳೆಗಳು ಒಡೆಯುತ್ತಿರುತ್ತವೆ. ನೀರು ಮುಗಿಯುತ್ತಿದ್ದಂತೆ ಬಿಸಿ ಸರಸರನೆ ಏರತೊಡಗುತ್ತದೆ, ಗುಳ್ಳೆಗಳ ಜಾಗದಲ್ಲಿ ಎಣ್ಣೆಯ ಮೇಲೆ ನವುರಾದ ನೊರೆ ಏಳುತ್ತದೆ. ತೈಲದಲ್ಲಿ ನೊರೆ ಏಳುವುದು, ತುಪ್ಪದಲ್ಲಿ ನೊರೆ ಅಡಗುವುದು ಸಿದ್ಧಿಯ ಲಕ್ಷಣವೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಅಡುಗೆಗೆ ಬಳಸುವ ಥರ್ಮಾಮೀಟರು ಇದ್ದರೆ 110 ಡಿಗ್ರಿ ದಾಟತೊಡಗಿದ್ದನ್ನು ಕಣ್ಣಾರೆ ನೋಡಬಹುದು. ಇಲ್ಲದಿದ್ದರೂ ಚಿಂತೆಯಿಲ್ಲ. ಸೌಟಿನಿಂದ ತಳದ ಕಲ್ಕವನ್ನು ಸ್ವಲ್ಪ ತೆಗೆದು, ಆರಿಸಿ, ಬೆರಳುಗಳ ನಡುವೆ ಹೊಸೆಯಬೇಕು. ಬೆರಳಿಗೆ ಮೆತ್ತಿಕೊಂಡರೆ ಇನ್ನೂ ನೀರಿದೆ. ಬತ್ತಿಯಂತೆ ಸಲೀಸಾಗಿ ಹೊಸೆದುಬಂದರೆ ಮಧ್ಯಮ ಪಾಕ. ಪುಡಿಪುಡಿಯಾಗಿ ಗಡುಸಾದರೆ ಖರಪಾಕ. ಮೈಗೆ ತಲೆಗೆ ತಿಕ್ಕುವ ಎಣ್ಣೆಗೆ ಖರಪಾಕವನ್ನೇ ಶಾಸ್ತ್ರ ವಿಧಿಸುತ್ತದೆ. ಅದಕ್ಕೊಂದು ಕಾರಣವೂ ಹೊಳೆಯುತ್ತದೆ: ಖರಪಾಕದಲ್ಲಿ ನೀರು ತೀರ ಕಡಿಮೆ ಉಳಿಯುತ್ತದೆ, ಎಣ್ಣೆ ಬಹುಕಾಲ ಬಾಳುತ್ತದೆ. ಅದನ್ನೂ ಮೀರಿ ಕಲ್ಕ ಸುಟ್ಟು ಕರಿವಾಸನೆ ಬಂದರೆ ಅದು ದಗ್ಧ, ಚೆಲ್ಲುವುದೇ ಸರಿ.

ಹೊಸೆದ ಬತ್ತಿಯನ್ನು ಪಾತ್ರೆಯಿಂದ ದೂರ ಒಯ್ದು ಬೆಂಕಿಗೆ ಹಿಡಿಯಬೇಕು. ಚಟಪಟ ಸದ್ದು ಬಂದರೆ ನೀರಿನಂಶ ಉಳಿದಿದೆ, ಸದ್ದಿಲ್ಲದೆ ಉರಿದರೆ ಪಾಕ ಸಿದ್ಧ. ಆ ತಾಯಿಯ ಎಣ್ಣೆಯಲ್ಲಿ ಹತ್ತಿಯ ಎಳೆಯೊಂದನ್ನು ಅದ್ದಿ ನನ್ನ ಮೇಜಿನ ಮೇಲೆಯೇ ಹಚ್ಚಿ ತೋರಿಸಿದೆ. ದೀಪಾವಳಿಯ ಸರಪಟಾಕಿಯಂತೆ ಸಿಡಿಯಿತು. ಅವರು ನಕ್ಕರು; ಅಷ್ಟು ದಿನಗಳಲ್ಲಿ ಮೊದಲ ಸಲ ಎಂದು ತೋರುತ್ತದೆ.

ನೀರು ಉಳಿದ ಎಣ್ಣೆಯಲ್ಲಿ ಬೂಸ್ಟು ಬೆಳೆಯುತ್ತದೆ, ಎಣ್ಣೆ ಒಡೆದು ಹುಳಿಯಾಗುತ್ತದೆ, ಆ ಹುಳಿ ನೆತ್ತಿಯನ್ನು ಕೆರಳಿಸುತ್ತದೆ. ಸುಗಂಧ ಬೆರೆಸಿದರೆ ಹಳಸಿದ ವಾಸನೆ ಕೊಳ್ಳುವವರ ಮೂಗಿಗೆ ತಿಳಿಯದು ಎಂಬುದೇ ನನಗೆ ಸುಗಂಧದ ಮೇಲಿರುವ ಮೊದಲ ತಕರಾರು. ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ಮುಚ್ಚಿಟ್ಟು, ಮರುದಿನ ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟಿ ಮಸುಕಾಗುವುದು ಸಹಜ. ಚಳಿಗಾಲದಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದ ಮೇಲೆ ತಿಳಿಯಾದರೆ ದೋಷವಿಲ್ಲ. ಬೆಚ್ಚಗಾದ ಮೇಲೂ ತಳದಲ್ಲಿ ಮಣಿಗಳು ಕಂಡರೆ ಮತ್ತೆ ಒಲೆಗೆ ಇಡಬೇಕು. ಬಾಟಲಿಗಳನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸದೆ ತುಂಬಿದರೆ ಇಷ್ಟೆಲ್ಲ ಪಾಕ ಮಾಡಿದ್ದೂ ವ್ಯರ್ಥ, ಒಂದು ಬಾಟಲಿಯ ಒಳಗೋಡೆಗೆ ಅಂಟಿದ ನಾಲ್ಕು ಹನಿ ನೀರು ಸಾಕು.

ಕರ್ಪೂರದ ವಿಷಯದಲ್ಲಿ ನಾನು ನಿಷ್ಠುರ. ತಂಪೆನಿಸುತ್ತದೆ ಎಂದು ಹಾಕುತ್ತಾರೆ. ಪೂಜೆಯ ಕರ್ಪೂರದ ಶುದ್ಧತೆಯನ್ನು ಯಾರೂ ಚರ್ಮಕ್ಕಾಗಿ ಪರೀಕ್ಷಿಸಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕರ್ಪೂರ ಸಣ್ಣ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸುವ ವಸ್ತು, ಚರ್ಮದ ಮೂಲಕವೂ ಒಳಸೇರುತ್ತದೆ. ತಾಯಿಯ ತಲೆಯೆಣ್ಣೆಯ ಬಾಟಲಿಯಿಂದಲೇ ಹಸುಗೂಸಿನ ನೆತ್ತಿಗೂ ಹಚ್ಚುವುದು ನಮ್ಮ ಮನೆಗಳ ಪದ್ಧತಿಯಾದ್ದರಿಂದ ಮಾರುವ ಎಣ್ಣೆಗೆ ಕರ್ಪೂರ ಬೇಡವೇ ಬೇಡ. ಹೊಟ್ಟಿಗೆ ಒಳ್ಳೆಯದೆಂದು ದತ್ತೂರಿಯ ಎಲೆ, ಗುಲಗಂಜಿಯ ಬೀಜ ಹಾಕುವವರೂ ಇದ್ದಾರೆ. ಗ್ರಂಥಗಳಲ್ಲಿ ಅಂತಹ ತೈಲಗಳಿರುವುದು ನಿಜ. ಆದರೆ ಇವೆರಡೂ ಔಷಧ ನಿಯಮಗಳ ವಿಷದ್ರವ್ಯಗಳ ಅನುಸೂಚಿಯಲ್ಲಿವೆ, ವೈದ್ಯರ ಕಣ್ಣೆದುರಲ್ಲದೆ ಬಳಸತಕ್ಕವಲ್ಲ. ಇನ್ನು ಸುಗಂಧ: ಹಾಕದಿರುವುದೇ ಉತ್ತಮ. ಕೊಳ್ಳುವವರು ಬಿಡುವುದಿಲ್ಲ ಎನ್ನುವವರು ಲೀಟರಿಗೆ ಐದು ಮಿಲಿಲೀಟರ್ ಮೀರದಂತೆ, ಎಣ್ಣೆ ಪೂರ್ತಿ ಆರಿದ ಮೇಲೆ, ಚರ್ಮಕ್ಕೆ ಬಳಸಲೆಂದೇ ತಯಾರಾದ ಸುಗಂಧವನ್ನು ಮಾತ್ರ ಹಾಕಲಿ. ಊದಿನಕಡ್ಡಿಗೆ ಅದ್ದುವ ಸೆಂಟನ್ನು ತಲೆಯೆಣ್ಣೆಗೆ ಹಾಕುವುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದ್ದೇನೆ.

ಮಾರುವ ಮುನ್ನ ಮಾಡುವ ಪರೀಕ್ಷೆ ಸರಳವಾದದ್ದು. ಮೊಣಕೈಯ ಒಳಮಡಿಕೆಯ ಸಮೀಪ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಬೇಕು, ತೊಳೆಯದೆ ಬಿಡಬೇಕು. ಒಂದೇ ಸಲ ಹಚ್ಚಿ ಹತ್ತು ನಿಮಿಷ ನೋಡಿ ಏನೂ ಆಗಲಿಲ್ಲ ಎನ್ನುವುದರಿಂದ ಅಲರ್ಜಿ ತಿಳಿಯುವುದಿಲ್ಲ. ಅದು ದಿನಗಳ ನಂತರ ಬರುವಂಥದ್ದೆಂದು ಆಗಲೇ ಹೇಳಿದೆ. ತಯಾರಿಸಿದವರ ಕೈಯ ಮೇಲೆ ಏನೂ ಆಗದಿದ್ದರೆ ಎಲ್ಲರಿಗೂ ಆಗುವುದಿಲ್ಲ ಎಂದರ್ಥವಲ್ಲ. ಆದ್ದರಿಂದ ಕೊಳ್ಳುವವರೂ ಮೊದಲು ಕೈಯ ಮೇಲೆ ಹಚ್ಚಿ ನೋಡುವಂತೆ ಚೀಟಿಯಲ್ಲಿಯೇ ಬರೆಯಬೇಕು. ತಲೆಯಲ್ಲಿ ಜಿಡ್ಡುಜಿಡ್ಡಾದ ಹಳದಿ ಹೊಟ್ಟು ಇರುವವರಿಗೆ ಯಾವ ಎಣ್ಣೆಯನ್ನೂ ನಾನು ಹೇಳುವುದಿಲ್ಲ. ಅಂತಹ ಹೊಟ್ಟಿಗೆ ಸಂಬಂಧಿಸಿದ ಶಿಲೀಂಧ್ರ ಜಿಡ್ಡನ್ನೇ ಉಂಡು ಬೆಳೆಯುತ್ತದೆ.

ಇನ್ನು ಚೀಟಿ ಮತ್ತು ಪರವಾನಗಿ. ಮನೆಯಲ್ಲಿ ಮಾಡಿದ್ದು, ಗೆಳತಿಯರಿಗಷ್ಟೇ ಕೊಟ್ಟದ್ದು ಎಂಬ ಕಾರಣಕ್ಕೆ ಕಾನೂನಿನಲ್ಲಿ ವಿನಾಯಿತಿ ಇಲ್ಲ; ಹಣ ಪಡೆದು ಕೊಟ್ಟರೆ ಅದು ಮಾರಾಟವೇ. ತಲೆಯೆಣ್ಣೆಗೆ ಎರಡು ಬಾಗಿಲುಗಳಿವೆ. ಕೂದಲನ್ನು ನಯವಾಗಿಡುವ, ಅಂದಗಾಣಿಸುವ ಎಣ್ಣೆ ಎಂದಷ್ಟೇ ಹೇಳಿ ಮಾರಿದರೆ ಅದು ಸೌಂದರ್ಯವರ್ಧಕ. 2020ರ ಸೌಂದರ್ಯವರ್ಧಕ ನಿಯಮಗಳ ಅಡಿಯಲ್ಲಿ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ತಯಾರಿಕೆಯ ಪರವಾನಗಿ ಬೇಕು. ಕೈಯಲ್ಲಿ ಮಾಡಿದ ಮೈಸಾಬೂನು ಕೂಡ ಇದೇ ಬಾಗಿಲಿನದು. ಕೂದಲು ಉದುರುವಿಕೆ ನಿಲ್ಲಿಸುತ್ತದೆ, ಹೊಟ್ಟು ವಾಸಿ ಮಾಡುತ್ತದೆ ಎಂದು ಬರೆದ ಕ್ಷಣ ಅದು ಔಷಧ. 1940ರ ಔಷಧ ಮತ್ತು ಸೌಂದರ್ಯವರ್ಧಕ ಅಧಿನಿಯಮದಂತೆ ಆಯುರ್ವೇದ ಔಷಧ ತಯಾರಿಕೆಯ ಪರವಾನಗಿಯನ್ನು ಪಡೆಯಬೇಕು. ವೈದ್ಯನಾದವನು ತನ್ನದೇ ರೋಗಿಗಳಿಗೆ ಮಾಡಿಕೊಡುವ ಔಷಧಕ್ಕೆ ಮಾತ್ರ ಈ ಕಾನೂನು ವಿನಾಯಿತಿ ಕೊಟ್ಟಿದೆ. ನಾನೇ ನನ್ನ ಎಣ್ಣೆಯನ್ನು ಅಂಗಡಿಗೆ ಇಟ್ಟರೆ ನನಗೂ ಪರವಾನಗಿ ಬೇಕು. "ಬೊಕ್ಕತಲೆಗೆ ರಾಮಬಾಣ" ಎಂಬ ಸಾಲಂತೂ ಯಾವ ಬಾಗಿಲಿನಿಂದಲೂ ಒಳಗೆ ಹೋಗದು. ಔಷಧವೊಂದು ವಾಸಿಮಾಡುತ್ತದೆ ಎಂದು ಹೇಳಿಕೊಳ್ಳಬಾರದ ಸ್ಥಿತಿಗಳನ್ನು ಪಟ್ಟಿ ಮಾಡಿರುವ 1945ರ ನಿಯಮಗಳ ಜೆ ಅನುಸೂಚಿಯಲ್ಲಿ ಬೊಕ್ಕತಲೆಯೂ ಹೊಸ ಕೂದಲು ಬರಿಸುವುದೂ ಸೇರಿವೆ.

ಪರವಾನಗಿಗೆ ಪ್ರತ್ಯೇಕ ಕೋಣೆ, ನುರಿತ ಸಿಬ್ಬಂದಿ, ಪರೀಕ್ಷೆಯ ಏರ್ಪಾಡು ಬೇಕಾಗುವುದರಿಂದ ಒಬ್ಬ ಗೃಹಿಣಿಗೆ ಅದು ಭಾರವೆಂಬುದನ್ನು ಬಲ್ಲೆ. ಪರವಾನಗಿ ಇರುವ ಘಟಕದಲ್ಲಿ ತಮ್ಮ ಎಣ್ಣೆಯನ್ನು ತಯಾರಿಸಿಕೊಳ್ಳಲು ಅವಕಾಶ ಕೊಡುವ ಲೋನ್ ಲೈಸೆನ್ಸ್ ಎಂಬ ವ್ಯವಸ್ಥೆ ಎರಡೂ ಬಾಗಿಲುಗಳಲ್ಲಿದೆ. ಸಂಘವಾಗಿ ಅರ್ಜಿ ಹಾಕುವವರು ಈ ದಾರಿಯನ್ನು ಮೊದಲು ವಿಚಾರಿಸಲಿ.

ಚೀಟಿಯಲ್ಲಿ ಏನಿರಬೇಕೆಂಬುದನ್ನು ಆ ತಾಯಿಯೊಂದಿಗೆ ಕೂತು ಬರೆದ ಕರಡಿನಿಂದಲೇ ತೋರಿಸುತ್ತೇನೆ. ಮೇಲೆ ಎಣ್ಣೆಯ ಹೆಸರು, ಅದರ ಕೆಳಗೆ "ತಲೆಗೂದಲಿನ ಎಣ್ಣೆ, ಹೊರ ಬಳಕೆಗೆ ಮಾತ್ರ". ನಂತರ ಘಟಕಗಳು, ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ: ಕೊಬ್ಬರಿ ಎಣ್ಣೆ, ಗರಗದ ಸಾರ, ಮೆಂತ್ಯ, ಕರಿಬೇವು. ಶೇಕಡಾ ಒಂದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು, ಆದರೆ ಬಿಡುವಂತಿಲ್ಲ. "ಗಿಡಮೂಲಿಕೆಗಳು" ಎಂಬ ಒಂದು ಪದ ಸಾಲದು. ಪಾರ್ಥೇನಿಯಂ ತುರಿಕೆ ಇರುವವರು ಗರಗದ ಹೆಸರನ್ನು ಓದಿಯೇ ಬಾಟಲಿಯನ್ನು ಕೆಳಗಿಡಬೇಕಷ್ಟೆ. ನಿವ್ವಳ ಪ್ರಮಾಣ 100 ಮಿಲಿಲೀಟರ್. ತಯಾರಿಸಿದ ತಿಂಗಳು ಮತ್ತು ವರ್ಷ, ಯಾವ ತಿಂಗಳೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ, ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ, ದೂರು ಹೇಳಿಕೊಳ್ಳಲು ದೂರವಾಣಿ. ಕೊನೆಗೆ ಎಚ್ಚರಿಕೆ: "ಮೊದಲು ಮೊಣಕೈಯ ಒಳಭಾಗದಲ್ಲಿ ಏಳು ದಿನ ಹಚ್ಚಿ ನೋಡಿ. ಕಾಂಗ್ರೆಸ್ ಕಸದ ಅಲರ್ಜಿ ಇರುವವರು ಬಳಸಬಾರದು. ಗಾಯವಾದ ಚರ್ಮಕ್ಕೆ, ಹಸುಗೂಸುಗಳಿಗೆ ಹಚ್ಚಬಾರದು. ತುರಿಕೆ ಬಂದರೆ ತೊಳೆದು ನಿಲ್ಲಿಸಿ." ಅಡ್ಡಪರಿಣಾಮವಿಲ್ಲ ಎಂಬ ಸಾಲನ್ನು ಅವರೇ ಹೊಡೆದುಹಾಕಿದರು.

ಬ್ಯಾಚ್ ಸಂಖ್ಯೆ ಎಂದರೆ ಏನೋ ದೊಡ್ಡ ಕಾರ್ಖಾನೆಯ ಮಾತೆಂದು ಅವರು ಅಂಜಿದ್ದರು. ಆ ವರ್ಷದ ಎಷ್ಟನೆಯ ಕಾಯಿಸುವಿಕೆ ಎಂಬ ಅಂಕಿ ಸಾಕು. ಎರಡು ರೂಲಿನ ನೋಟುಪುಸ್ತಕವೊಂದರಲ್ಲಿ ಒಂದು ಬ್ಯಾಚಿಗೆ ಒಂದು ಪುಟ. ಯಾವ ದಿನ, ಯಾರು ಕೊಯ್ದ ಸೊಪ್ಪು, ಯಾರು ಆರಿಸಿದರು, ಎಣ್ಣೆ ಯಾವ ಅಂಗಡಿಯದು, ಬತ್ತಿಯ ಪರೀಕ್ಷೆ ಯಾವಾಗ ಗೆದ್ದಿತು, ಎಷ್ಟು ಬಾಟಲಿ ಬಂದವು, ಯಾವ ಬಾಟಲಿ ಯಾರ ಮನೆಗೆ ಅಥವಾ ಯಾವ ಅಂಗಡಿಗೆ ಹೋಯಿತು. ಒಂದು ಲೀಟರ್ ಎಣ್ಣೆಯಲ್ಲಿ ಕಲ್ಕಕ್ಕೆ ಅಂಟಿಹೋದದ್ದು ಕಳೆದು ಎಂಟು ಬಾಟಲಿ ತುಂಬಿದರೆ ಏಳನ್ನು ಮಾರಿ ಎಂಟನೆಯದನ್ನು ಚೀಟಿಸಹಿತ ಕತ್ತಲಿನ ಕಪಾಟಿನಲ್ಲಿ ಇಟ್ಟುಕೊಳ್ಳಬೇಕು. ಯಾರಾದರೂ ವಾಸನೆ ಕೆಟ್ಟಿದೆ ಎಂದು ತಂದಾಗ ಆ ಬಾಟಲಿಯೊಂದಿಗೆ ಹೋಲಿಸಿ ನೋಡಿದರೆ, ಎಣ್ಣೆ ಮೊದಲೇ ಕೆಟ್ಟಿತ್ತೋ ಅಥವಾ ಅವರ ಬಚ್ಚಲಿನಲ್ಲಿ ನೀರು ಬಿದ್ದು ಕೆಟ್ಟಿತೋ ತಿಳಿಯುತ್ತದೆ. ಬಳಕೆಯ ಅವಧಿಯನ್ನು ಆರು ತಿಂಗಳಿಗಿಂತ ಹೆಚ್ಚು ಬರೆಯಬೇಡಿ ಎಂದು ನಾನು ಹೇಳಿದ್ದೇನೆ. ಉಳಿಸಿಟ್ಟ ಬಾಟಲಿಗಳನ್ನು ತಿಂಗಳಿಗೊಮ್ಮೆ ಮೂಸಿ ನೋಡುತ್ತ ಹೋದರೆ ತಮ್ಮ ಎಣ್ಣೆಯ ಆಯುಸ್ಸು ಅವರಿಗೇ ಗೊತ್ತಾಗುತ್ತದೆ.

ಆ ತಾಯಿ ಅಂಗಡಿಗೆ ಕೊಡುವುದನ್ನು ಅಂದೇ ನಿಲ್ಲಿಸಿದರು. ಅವರ ಸಂಘದ ಏಳು ಜನ ಸೇರಿ ಲೋನ್ ಲೈಸೆನ್ಸಿನ ಅರ್ಜಿ ಹಾಕಿದ್ದಾರೆ. ಈ ಮಧ್ಯೆ ತಮ್ಮ ಮನೆಗೆಂದು ಮಾಡಿಕೊಂಡ ಎಣ್ಣೆಯ ನಾಲ್ಕನೆಯ ಪುಟವನ್ನು ಕಳೆದ ತಿಂಗಳು ನನಗೆ ತೋರಿಸಲು ತಂದಿದ್ದರು. ಸೊಪ್ಪು ಆರಿಸಿದವರು ಎಂಬ ಸಾಲಿನಲ್ಲಿ ಅತ್ತೆಯ ಹೆಸರಿತ್ತು; ಅದರ ಮುಂದೆ, ಒಂಬತ್ತು ಕಿಲೋದಲ್ಲಿ ತೆಗೆದು ಬಿಸಾಡಿದ ಕಾಂಗ್ರೆಸ್ ಕಸ ಹದಿನಾಲ್ಕು ಎಳೆ ಎಂದು ಎಣಿಸಿ ಬರೆದಿದ್ದರು.